ಆಲ್ಟರೇಷನ್ ಅಂಗಡಿಯ ಸಾಲದ ಪತ್ರ: ಆಷಾಢದ ಲೆಕ್ಕ ಕೊನೆಗೂ ಕುದುರಿತು

ಬ್ಯಾಂಕಿಗೆ ಕೊಡುವ ಪತ್ರ ಸಿದ್ಧವಾಗಿದೆ. ಒಂದೇ ಪುಟ. ಅರ್ಜಿ ನಮೂನೆ, ಉದ್ಯಮ್ ನೋಂದಣಿ, ಆಧಾರ್ ಪ್ರತಿಗಳ ವಿಷಯ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ನನ್ನನ್ನು ಕಾಡಿದ್ದು ಆ ಪುಟದ ನಡುವಿನ ನಾಲ್ಕು ಸಾಲು: ಕಂತನ್ನು ಯಾವ ಹಣದಿಂದ ಕಟ್ಟುತ್ತೇನೆ ಎಂಬುದು.

ಮೊದಲು ಯಾವ ಸಾಲ ಎಂಬುದನ್ನು ಹೇಳಿಬಿಡುತ್ತೇನೆ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಬಡ್ಡಿಯೂ ಶೇ 5 ಮಾತ್ರ. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅದು ಸಿಗುತ್ತದೆ. ನಮ್ಮ ಮನೆಯವರು ಬಡಗಿ ಕೆಲಸಕ್ಕೆ ಈಗಾಗಲೇ ಪಡೆದಿದ್ದಾರೆ. ಹಾಗಾಗಿ ನಾನು ಮುದ್ರಾ ಯೋಜನೆಯ ಶಿಶು ವಿಭಾಗಕ್ಕೆ ಹೋದೆ. 50,000 ರೂಪಾಯಿವರೆಗೆ ಸಿಗುತ್ತದೆ, ಅಡಮಾನ ಬೇಕಿಲ್ಲ. ನಾನು ಕೇಳುತ್ತಿರುವುದು 40,000: ಟೇಬಲ್, ಸ್ಟ್ಯಾಂಡ್, ಮೋಟರ್ ಸಮೇತ ಒಂದು ಇಂಡಸ್ಟ್ರಿಯಲ್ ಯಂತ್ರಕ್ಕೆ 27,500, ಮೂರು ದಾರದ ಓವರ್‌ಲಾಕ್‌ಗೆ 12,500. ದಾರ, ಜಿಪ್, ಕ್ಯಾನ್‌ವಾಸ್‌ಗೆ ನನ್ನ ಕೈಯಿಂದಲೇ 5,000 ಹಾಕುತ್ತೇನೆ.

ಯಂತ್ರ ಯಾಕೆ ಎಂದು ಪತ್ರದಲ್ಲಿ ವಿವರಿಸಲೇಬೇಕಿತ್ತು, ಏಕೆಂದರೆ ಹೊಲಿಗೆ ಬಾರದವರಿಗೆ ಎಲ್ಲ ಯಂತ್ರವೂ ಒಂದೇ. ಜೀನ್ಸ್ ಉದ್ದ ಕಡಿಮೆ ಮಾಡುವವರೆಲ್ಲ ಈಗ ಕಂಪನಿಯ ಅಂಚು ಹಾಗೆಯೇ ಉಳಿಯಬೇಕು ಎನ್ನುತ್ತಾರೆ. ಹಳೆಯ ಅಂಚಿನ ಹೊಲಿಗೆಗೆ ತಾಗಿದಂತೆ ಬಟ್ಟೆಯನ್ನು ಮಡಚಿ ಹೊಲಿದು, ಹೆಚ್ಚಿನದನ್ನು ಕತ್ತರಿಸಿ, ಕತ್ತರಿಸಿದ ಅಂಚಿಗೆ ಓವರ್‌ಲಾಕ್ ಹಾಕಬೇಕು. ಪಕ್ಕದ ಹೊಲಿಗೆ ಬಂದು ಸೇರುವ ಜಾಗದಲ್ಲಿ ಪದರ ಮೇಲೆ ಪದರ ಕೂತು ಗಟ್ಟಿಯಾಗುತ್ತದೆ. ಅಲ್ಲಿ ನನ್ನ ಕಾಲು ತುಳಿಯುವ ಯಂತ್ರ ಎಡವುತ್ತದೆ: 18ನೇ ಸೂಜಿ ಹಾಕಿದರೂ, ಪಾದದ ಹಿಂದೆ ಮಡಚಿದ ತುಂಡು ಕೊಟ್ಟು ಎತ್ತರ ಸರಿಮಾಡಿದರೂ ಹೊಲಿಗೆ ತಪ್ಪುತ್ತದೆ, ಕೊನೆಗೆ ಆ ಅರ್ಧ ಇಂಚಿಗೆ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಓವರ್‌ಲಾಕ್ ಅಂತೂ ನನ್ನಲ್ಲಿಲ್ಲ. ಬಟ್ಟೆಯನ್ನು ಬೇರೆ ಅಂಗಡಿಗೆ ಒಯ್ದು ಒಂದಕ್ಕೆ 12 ರೂಪಾಯಿ ಕೊಟ್ಟು ಹಾಕಿಸುತ್ತೇನೆ. ಈ 12 ರೂಪಾಯಿಯನ್ನು ನೆನಪಿಟ್ಟುಕೊಳ್ಳಿ.

ಈಗ ಆ ನಾಲ್ಕು ಸಾಲು. ವಿಚಾರಿಸಲು ಹೋದಾಗ ಮ್ಯಾನೇಜರ್ ನನ್ನ ವರ್ಷದ ಸರಾಸರಿ ಆದಾಯದ ಲೆಕ್ಕವನ್ನು ನೋಡಿ, "ಕಂತು ಪ್ರತಿ ತಿಂಗಳೂ ಬರುತ್ತದಮ್ಮ. ಆಷಾಢದಲ್ಲಿ ಮದುವೆ ಇಲ್ಲ, ರವಿಕೆ ಇಲ್ಲ. ಆಗ ಎಲ್ಲಿಂದ ಕಟ್ಟುತ್ತೀರಿ?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಟೇಲರಿಂಗ್ ಬಲ್ಲವರೇ ಕೇಳಬೇಕಾದ ಪ್ರಶ್ನೆ ಅದು. ವರಮಹಾಲಕ್ಷ್ಮಿ ಹಬ್ಬದ ಮುಂಚೆ ರಾತ್ರಿಯೆಲ್ಲ ಕೂತು ದುಡಿದ ಹಣವನ್ನು ಸರಾಸರಿಗೆ ಸೇರಿಸಿದರೆ ಆಷಾಢದ ಕಂತು ತಾನಾಗಿ ಕಟ್ಟಿಕೊಳ್ಳುವುದಿಲ್ಲ.

ಹಾಗಾಗಿ ಪತ್ರವನ್ನು ತಲೆಕೆಳಗು ಮಾಡಿದೆ. ಒಳ್ಳೆಯ ತಿಂಗಳುಗಳನ್ನೆಲ್ಲ ಬದಿಗಿಟ್ಟು ಕಳೆದ ಆಷಾಢವೊಂದನ್ನೇ ತೆಗೆದುಕೊಂಡೆ. ಪುಸ್ತಕ ತೆರೆದರೆ ಸಮಾಧಾನದ ಸಂಗತಿಯೊಂದು ಸಿಕ್ಕಿತು. ಶಾಲೆ ಶುರುವಾಗಿ ಕೆಲವೇ ವಾರ ಕಳೆದಿರುವ ಹೊತ್ತಿಗೆ ಇಲ್ಲಿ ತುಮಕೂರಿನಲ್ಲಿ ಆಷಾಢ ಬರುತ್ತದೆ. ಸಮವಸ್ತ್ರದ ಪ್ಯಾಂಟು ಉದ್ದ ಮಾಡುವುದು, ಸ್ಕರ್ಟಿನ ಸೊಂಟ ಬಿಡಿಸುವುದು, ಅಕ್ಕನದನ್ನು ತಂಗಿಗೆ ಸರಿಮಾಡುವುದು ನಡೆದೇ ಇರುತ್ತದೆ. ರವಿಕೆ ನಿಂತರೂ ಆಲ್ಟರೇಷನ್ ನಿಲ್ಲುವುದಿಲ್ಲ. ಆ ತಿಂಗಳ ಒಟ್ಟು 9,800 ರೂಪಾಯಿಯಲ್ಲಿ 7,400 ಆಲ್ಟರೇಷನ್ನಿನದೇ. ಖರ್ಚು: ದಾರ, ಜಿಪ್ ವಗೈರೆಗೆ 1,100, ಹೊರಗೆ ಓವರ್‌ಲಾಕ್‌ಗೆ 900, ವಿದ್ಯುತ್ತಿಗೆ 250, ಮನೆಖರ್ಚಿಗೆ ನಾನು ಕೊಟ್ಟದ್ದು 4,500. ಉಳಿದದ್ದು 3,050.

ಬಡ್ಡಿ ಶೇ 12 ಎಂದು ಹಿಡಿದು ನೋಡಿದೆ. ಎರಡು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 1,883, ಮೂರು ವರ್ಷಕ್ಕಾದರೆ 1,329. ಮೂರು ವರ್ಷಕ್ಕೆ ಒಟ್ಟು ಬಡ್ಡಿ ಎರಡೂವರೆ ಸಾವಿರದಷ್ಟು ಹೆಚ್ಚು ಬೀಳುತ್ತದೆ. ಅದು ನನಗೆ ಸಂಕಟವೇ. ಆದರೂ ಮೂರು ವರ್ಷವನ್ನೇ ಕೇಳಿದ್ದೇನೆ, ಏಕೆಂದರೆ ಆಷಾಢಕ್ಕೆ ಹೊಂದುವ ಕಂತು ಅದು.

ಬಿಡದೆ ಕಾಡಿದ ಗಂಟು ಬಿಚ್ಚಿದ್ದು ಆ 12 ರೂಪಾಯಿಯಿಂದ. ಆಷಾಢದಲ್ಲಿ 75 ಬಟ್ಟೆಗೆ ಹೊರಗೆ ಓವರ್‌ಲಾಕ್ ಹಾಕಿಸಿದ್ದೆ, ಅದೇ ಆ 900. ಯಂತ್ರ ಮನೆಗೆ ಬಂದರೆ ಕೋನ್ ದಾರಕ್ಕೂ ವಿದ್ಯುತ್ತಿಗೂ 300 ಕಳೆದು 600 ಉಳಿಯುತ್ತದೆ. ಹೊಸ ಗಿರಾಕಿ ಒಬ್ಬರೂ ಬರದಿದ್ದರೂ ಉಳಿಯುವ ಹಣ ಇದು. ಕಂತಿನಲ್ಲಿ ಹೊಸದಾಗಿ ಹುಟ್ಟಬೇಕಾದದ್ದು 729 ಮಾತ್ರ! ಇಷ್ಟು ದಿನ "ಯಂತ್ರ ಬಂದರೆ ಆದಾಯ ಇಮ್ಮಡಿಯಾಗುತ್ತದೆ" ಎಂಬಂಥ ಮಾತುಗಳಿಗೆ ಪುರಾವೆ ಹುಡುಕುತ್ತಿದ್ದೆ. ಈಗಾಗಲೇ ಕೈಯಿಂದ ಹೋಗುತ್ತಿರುವ ಹಣಕ್ಕೆ ಪುರಾವೆ ನನ್ನ ಪುಸ್ತಕದಲ್ಲೇ ಇತ್ತು.

ಪತ್ರದ ಆ ಭಾಗ ಈಗ ಹೀಗಿದೆ:

"ವರ್ಷದಲ್ಲಿ ಅತಿ ಕಡಿಮೆ ಕೆಲಸವಿರುವ ಆಷಾಢದಲ್ಲಿ, ಮನೆಖರ್ಚು ಕಳೆದು ನನಗೆ 3,050 ರೂಪಾಯಿ ಉಳಿದಿದೆ. ಓವರ್‌ಲಾಕ್ ಯಂತ್ರದಿಂದ ತಿಂಗಳಿಗೆ 600 ರೂಪಾಯಿ ಹೊರಗೆ ಹೋಗುವುದು ತಪ್ಪಿ ಇದು 3,650 ಆಗುತ್ತದೆ. ಕಂತು 1,329. ಆ ತಿಂಗಳ ವ್ಯಾಪಾರ ಕಾಲು ಭಾಗ ಕುಸಿದರೆ ಕಂತಿಗೆ 129 ರೂಪಾಯಿ ಕಡಿಮೆ ಬೀಳುತ್ತದೆ. ಅದಕ್ಕಾಗಿ ಹಬ್ಬ ಮತ್ತು ಮದುವೆ ಕಾಲದ ದುಡಿಮೆಯಿಂದ ಎರಡು ಕಂತಿನಷ್ಟು ಹಣವನ್ನು ಇದೇ ಖಾತೆಯಲ್ಲಿ ಇಟ್ಟಿರುತ್ತೇನೆ."

129ರ ಸಾಲನ್ನು ತೆಗೆದುಹಾಕು ಎಂದು ನಮ್ಮ ಸ್ವಸಹಾಯ ಸಂಘದ ಅಕ್ಕ ಒತ್ತಾಯಿಸಿದರು. ನಾನು ಬಿಡಲಿಲ್ಲ. ಕೊರತೆ ಎಲ್ಲಿ ಬೀಳುತ್ತದೆ ಎಂದು ನಾನೇ ತೋರಿಸಿದರೆ ಉಳಿದ ಅಂಕಿಗಳನ್ನೂ ಅವರು ನಂಬುತ್ತಾರೆ.

ಲೆಕ್ಕಕ್ಕೆ ಸಾಕ್ಷಿ ಬೇಕಲ್ಲ. ಗಿರಾಕಿಗಳು ಕೊಡುವ 60, 80 ರೂಪಾಯಿಗಳಲ್ಲಿ ಅರ್ಧ ಮೊಬೈಲಿನಲ್ಲಿ ಬರುತ್ತದೆ, ಅರ್ಧ ನಗದು. ನಗದನ್ನು ವಾರಕ್ಕೊಮ್ಮೆ ಖಾತೆಗೆ ಕಟ್ಟುತ್ತ ಬಂದಿದ್ದೇನೆ. ಬಟ್ಟೆಗೆ ಪಿನ್ ಮಾಡುವ ಚೀಟಿಯ ಇನ್ನೊಂದು ತುಂಡನ್ನೂ ಇಟ್ಟುಕೊಂಡಿದ್ದೇನೆ. ಕ್ರಮಸಂಖ್ಯೆ, ತಾರೀಕು, ಎಷ್ಟು ಇಂಚು, ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿದೆ. ಚೀಟಿ, ಪುಸ್ತಕ, ಪಾಸ್‌ಬುಕ್ ಮೂರೂ ತಾಳೆಯಾಗುತ್ತವೆ.

ಕೊಟೇಶನ್ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಒಬ್ಬ ವ್ಯಾಪಾರಿ ಬರೀ ಹೆಡ್‌ನ ಬೆಲೆ ಬರೆದುಕೊಟ್ಟು, ಟೇಬಲ್ಲೂ ಮೋಟರೂ ಬೇರೆ ಎಂದು ಆಮೇಲೆ ಬಾಯಲ್ಲಿ ಹೇಳಿದರು. ಇನ್ನೊಬ್ಬರು ಬಿಳಿ ಹಾಳೆಯಲ್ಲಿ ಗೀಚಿ ಕೊಟ್ಟರು, ಜಿಎಸ್‌ಟಿ ಸಂಖ್ಯೆಯೇ ಇಲ್ಲ. ನಮ್ಮ ಶಾಖೆ ಹಣವನ್ನು ನೇರವಾಗಿ ವ್ಯಾಪಾರಿಯ ಖಾತೆಗೆ ಹಾಕುತ್ತದೆ. ಅಂಥ ಹಾಳೆಯನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಹೆಣ್ಣುಮಗಳು ಒಬ್ಬಳೇ ಬಂದು ಕೊಟೇಶನ್ ಕೇಳಿದರೆ "ಯಜಮಾನರನ್ನು ಕಳಿಸಿ" ಎನ್ನುವವರಿಗೆ ನನ್ನ ವ್ಯಾಪಾರ ಬೇಕಿಲ್ಲ ಎಂದೇ ತಿಳಿದು ಹೊರಬಂದೆ. ಕೊನೆಗೆ ಸಿಕ್ಕವರು ಹೆಡ್, ಟೇಬಲ್, ಸ್ಟ್ಯಾಂಡ್, ಮೋಟರ್, ಸಾಗಣೆ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಮೊಹರು ಹಾಕಿ ಕೊಟ್ಟಿದ್ದಾರೆ.

ಈ ನಡುವೆ ತಲೆಯಲ್ಲಿ ಪಿಕೋ ಯಂತ್ರವೂ ಓಡುತ್ತಿದೆ. ಸೀರೆಗೆ ಫಾಲ್ ಕೈಯಲ್ಲೇ ಹಾಕುತ್ತೇನೆ, ಪಿಕೋಗೆ ಮತ್ತೆ ಅದೇ ಬೇರೆ ಅಂಗಡಿ. ಆ ಖರ್ಚಿಗೂ ಪುಸ್ತಕದಲ್ಲಿ ಈಗಲೇ ಒಂದು ಅಂಕಣ ತೆರೆದಿದ್ದೇನೆ. ಮೊದಲ ಸಾಲ ಅರ್ಧ ತೀರುವ ಹೊತ್ತಿಗೆ ಎಷ್ಟಾಗಿದೆ ಎಂದು ನೋಡಬೇಕು.

ಸೋಮವಾರ ಪತ್ರ ಕೊಡುತ್ತೇನೆ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬರುತ್ತೇನೆ. ಕೊಟೇಶನ್ನಿನ ಅವಧಿ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಮಂಜೂರಾಗದಿದ್ದರೆ ಅದೇ ಬೆಲೆಗೆ ಇನ್ನೊಂದನ್ನು ಬರೆದುಕೊಡುವುದಾಗಿ ಆ ವ್ಯಾಪಾರಿ ಒಪ್ಪಿದ್ದಾರೆ.