ಹಳೆಯ ನಂಬರಿಗೆ ಹೋಗುವ ಓಟಿಪಿ

12 ಜುಲೈ 2024, ಶುಕ್ರವಾರ
ಉಡುಪಿ

ಸೋದರಮಾವನ ಆದಾಯ ತೆರಿಗೆ ಖಾತೆ ಇಂದು ಸಂಜೆ ಮತ್ತೆ ಕೈಗೆ ಬಂತು. ಮಾವ ಮುಂಬೈಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದವರು. ಅಲ್ಲಿಯ ಮೊಬೈಲ್ ನಂಬರನ್ನು ಬಿಟ್ಟು ಇಲ್ಲಿ ಹೊಸದು ತೆಗೆದುಕೊಂಡಿದ್ದಾರೆ. ತೆರಿಗೆ ಪೋರ್ಟಲಿನಲ್ಲಿ ಇದ್ದದ್ದು ಹಳೆಯ ನಂಬರ್ ಮತ್ತು ಕಂಪನಿ ಕೊಟ್ಟಿದ್ದ ಇಮೇಲ್. ಎರಡೂ ಈಗ ಅವರದಲ್ಲ. ಪಾಸ್‌ವರ್ಡ್ ಮರೆತುಹೋಗಿದೆ. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಮುರಿದುಕೊಂಡ ತೆರಿಗೆ ವಾಪಸು ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು, ಅದಕ್ಕೆ ಗಡುವು ಇದೇ 31.

ನಾನು ಹೋಗುವ ಹೊತ್ತಿಗೆ ಮಾವ ನೆನಪಿಗೆ ಬಂದ ಪಾಸ್‌ವರ್ಡ್‌ಗಳನ್ನೆಲ್ಲ ಹಾಕಿ ನೋಡಿದ್ದರು, ಖಾತೆಗೆ ಬೀಗ ಬಿದ್ದಿತ್ತು. "ಇನ್ನು ಪಾನ್ ಕಾರ್ಡೇ ಹೋಯಿತಾ ಮಾರಾಯ?" ಎಂದು ಗಾಬರಿಯಿಂದ ಕೇಳಿದರು. ಹಾಗೇನೂ ಇಲ್ಲ ಎಂದು ಸಮಾಧಾನ ಹೇಳಿದೆ. ತಪ್ಪು ಪಾಸ್‌ವರ್ಡ್‌ನಿಂದ ಬಿದ್ದ ಬೀಗ ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ತಾನಾಗಿ ತೆರೆಯುತ್ತದೆ. ನಿಜವಾದ ತೊಡಕು ಓಟಿಪಿಯದು.

ಜನರಿಗೆ ಗೊತ್ತಾಗದೇ ಇರುವುದು ಇಲ್ಲೇ. ನಮ್ಮ ಮೊಬೈಲ್ ನಂಬರ್ ತೆರಿಗೆ ಪೋರ್ಟಲಿನಲ್ಲಿ ಒಂದು ಕಡೆ, ಆಧಾರ್‌ನಲ್ಲಿ ಇನ್ನೊಂದು ಕಡೆ, ಬ್ಯಾಂಕಿನಲ್ಲಿ ಮತ್ತೊಂದು ಕಡೆ ದಾಖಲಾಗಿರುತ್ತದೆ. ಒಂದು ಕಡೆ ಬದಲಾಯಿಸಿದರೆ ಉಳಿದ ಕಡೆ ತಾನಾಗಿ ಬದಲಾಗುವುದಿಲ್ಲ. ಆದ್ದರಿಂದ ಹೊಸ ನಂಬರ್ ಯಾವ ಕಡೆ ಇದೆ ಎಂದು ಮೊದಲು ಪತ್ತೆ ಮಾಡಬೇಕು. Forgot Password ಒತ್ತಿ ಪಾನ್ ಸಂಖ್ಯೆ ಹಾಕಿದರೆ ಆಧಾರ್ ಓಟಿಪಿಯ ದಾರಿಯೂ ಕಾಣುತ್ತದೆ. ಆದರೆ ಅದು ಆಧಾರ್‌ಗೆ ಜೋಡಿಸಿದ ನಂಬರಿಗೇ ಹೋಗುತ್ತದೆ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ಜಾಲತಾಣದ Verify Email/Mobile ಪುಟದಲ್ಲಿ ಲಾಗಿನ್ ಇಲ್ಲದೆಯೇ ಇದನ್ನು ಪರೀಕ್ಷಿಸಬಹುದು. ಮಾವನ ಹೊಸ ನಂಬರ್ ಹಾಕಿದಾಗ ದಾಖಲೆಗೆ ಹೊಂದುವುದಿಲ್ಲ ಎಂದು ಬಂತು. ಅಂದರೆ ಆ ದಾರಿಯೂ ಮುಚ್ಚಿದೆ.

ಉಳಿದದ್ದು ಬ್ಯಾಂಕು. ಪಿಂಚಣಿಯ ಸಂದೇಶ ಬರಬೇಕೆಂದು ಮಾವ ಊರಿಗೆ ಬಂದ ಹೊಸತರಲ್ಲೇ ಶಾಖೆಗೆ ಹೋಗಿ ನಂಬರ್ ಬದಲಾಯಿಸಿದ್ದರು, ನೆಟ್ ಬ್ಯಾಂಕಿಂಗ್ ಕೂಡ ಇತ್ತು. ಪೋರ್ಟಲಿನ ಲಾಗಿನ್ ಪುಟದ ಕೆಳಗೆ Net Banking ಎಂಬ ಆಯ್ಕೆ ಇದೆ. ಅದನ್ನು ಒತ್ತಿ ಬ್ಯಾಂಕಿನ ಹೆಸರು ಆರಿಸಿದರೆ ಬ್ಯಾಂಕಿನ ಜಾಲತಾಣ ತೆರೆಯುತ್ತದೆ. ಅಲ್ಲಿ ಲಾಗಿನ್ ಆಗಿ ತೆರಿಗೆಯ ವಿಭಾಗದಲ್ಲಿ ಇ-ಫೈಲಿಂಗ್ ಕೊಂಡಿ ಒತ್ತಿದಾಗ, ತೆರಿಗೆ ಪಾಸ್‌ವರ್ಡ್ ಕೇಳದೆಯೇ ಮಾವನ ಖಾತೆ ತೆರೆದುಕೊಂಡಿತು. ಬ್ಯಾಂಕ್ ಖಾತೆಗೆ ಪಾನ್ ಜೋಡಣೆಯಾಗಿರದಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಒಳಗೆ ಹೋದ ಮೇಲೆ ಅನುಕ್ರಮ ಮುಖ್ಯ. ಮಾವ ಕೂಡಲೇ ರಿಟರ್ನ್ ತುಂಬೋಣ ಎಂದರು. ಬೇಡ ಮಾವ, ಮೊದಲು ನಂಬರ್ ಸರಿಮಾಡೋಣ ಎಂದೆ. My Profile ತೆರೆದು, Contact Details ನಲ್ಲಿ ಮೊಬೈಲ್ ನಂಬರ್ ಮತ್ತು ಇಮೇಲ್ ಎರಡನ್ನೂ ಬದಲಾಯಿಸಿದೆವು. ಹೊಸ ನಂಬರಿಗೆ ಆರು ಅಂಕಿಯ ಓಟಿಪಿ ಬಂತು. ಅದಕ್ಕೆ 15 ನಿಮಿಷದ ಆಯಸ್ಸು, ಮೂರು ಸಲ ಮಾತ್ರ ಹಾಕಲು ಅವಕಾಶ. ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿ ಹೇಳಿದರು. ಆಮೇಲೆ ಹೊರಬಂದು Forgot Password ಒತ್ತಿ, ನೋಂದಾಯಿತ ನಂಬರಿಗೆ ಓಟಿಪಿ ಎಂಬ ಆಯ್ಕೆ ಹಿಡಿದು ಹೊಸ ಪಾಸ್‌ವರ್ಡ್ ಇಟ್ಟೆವು. ಅದು 8ರಿಂದ 14 ಅಕ್ಷರಗಳಲ್ಲಿರಬೇಕು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಬೇಕು.

ನಂಬರ್ ಬದಲಿಸಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ನಾವು ಬಿಟ್ಟ ನಂಬರನ್ನು ಮೊಬೈಲ್ ಕಂಪನಿಗಳು ಕನಿಷ್ಠ 90 ದಿನಗಳ ನಂತರ ಬೇರೆಯವರಿಗೆ ಕೊಡುತ್ತವೆ. ಆಗ ಮಾವನ ಓಟಿಪಿ ಯಾರೋ ಅಪರಿಚಿತರ ಫೋನಿಗೆ ಹೋಗುತ್ತದೆ. ಹಳೆಯ ನಂಬರನ್ನು ಎಲ್ಲೂ ಉಳಿಸಬಾರದು.

ಆಧಾರ್‌ನಲ್ಲಿ ಅದು ಇನ್ನೂ ಹಾಗೆಯೇ ಇದೆ. ನಾಳೆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟರೆ ಮಾವನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಮೊಬೈಲ್ ನಂಬರ್ ಬದಲಿಸಲು ದಾಖಲೆ ಪತ್ರ ಬೇಡ, ಬೆರಳಚ್ಚು ಕೊಡಲು ಅವರೇ ಬರಬೇಕು, ಶುಲ್ಕವಿದೆ. ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಇ-ಪರಿಶೀಲನೆ, ಅಂದರೆ ಅದು ನಮ್ಮದೇ ಎಂದು ಆಧಾರ್ ಓಟಿಪಿಯಂಥ ದಾರಿಯಿಂದ ದೃಢಪಡಿಸುವುದು, ಆಗಬೇಕು. ಅಷ್ಟರಲ್ಲಿ ಆಧಾರ್ ಆಗದಿದ್ದರೆ ಅದನ್ನೂ ನೆಟ್ ಬ್ಯಾಂಕಿಂಗ್ ಮೂಲಕವೇ ಮುಗಿಸುತ್ತೇವೆ.