ಹನ್ನೆರಡನೇ ತಿಂಗಳು ಅಂದ್ರೆ ಡಿಸೆಂಬರ್ ಅಲ್ಲ

ಬೆಂಗಳೂರಿನ ಹುಡುಗ, ವಿಯೆಟ್ನಾಂನ ಹೋ ಚಿ ಮಿನ್ಹ್ ನಗರದ ಹುಡುಗಿ. ಹುಡುಗಿ ಮನೆಯವರ ಲಗ್ನಪತ್ರಿಕೆಯನ್ನು ಹುಡುಗನ ನೆಂಟರಿಗಾಗಿ ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಅದರಲ್ಲಿ ದಪ್ಪಕ್ಷರದಲ್ಲಿ ಭಾನುವಾರ, 12.01.2025 ಅಂತ ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಚಾಂದ್ರಮಾನದ ದಿನ: ಯಾಪ್ ಥಿನ್ ವರ್ಷ, ಚಾಪ್ ತಿಂಗಳು, 13.

ಚಾಪ್ ಅಂದರೆ ಹನ್ನೆರಡನೇ ತಿಂಗಳು. ಯಾಪ್ ಥಿನ್ ಅಂದರೆ 2024ರ ಡ್ರ್ಯಾಗನ್ ವರ್ಷ. ಹಾಗಾಗಿ ಕರಡಿನಲ್ಲಿ ಆ ಸಣ್ಣ ಸಾಲನ್ನು ‘13 ಡಿಸೆಂಬರ್ 2024’ ಅಂತ ಬರೆದುಬಿಟ್ಟೆ. ಕರಡು ನೋಡಿದ ಹುಡುಗನ ತಾಯಿ ಫೋನ್ ಮಾಡಿದರು. “ಎರಡು ತಾರೀಖು ಇದೆಯಲ್ಲಮ್ಮ, ಮದುವೆ ಯಾವತ್ತು?”

ಯಾಪ್ ಥಿನ್ ವರ್ಷ ಶುರುವಾಗಿದ್ದು 2024ರ ಫೆಬ್ರವರಿ 10ಕ್ಕೆ, ಮುಗಿಯೋದು 2025ರ ಜನವರಿ 28ಕ್ಕೆ. ಅದರ ಕೊನೇ ತಿಂಗಳು ಚಾಪ್ ಡಿಸೆಂಬರ್ 31ರಂದು ಶುರುವಾಗಿತ್ತು. ಅಲ್ಲಿಂದ ಎಣಿಸಿದರೆ 13ನೇ ದಿನ ಸರಿಯಾಗಿ ಜನವರಿ 12. ಅಂದರೆ ಎರಡೂ ಸಾಲು ಹೇಳುತ್ತಿದ್ದದ್ದು ಒಂದೇ ದಿನವನ್ನು. ವಾರ ನೋಡಿದ್ದರೂ ತಪ್ಪು ಸಿಕ್ಕುತ್ತಿತ್ತು: 2024ರ ಡಿಸೆಂಬರ್ 13 ಶುಕ್ರವಾರ, ಪತ್ರಿಕೆಯಲ್ಲಿರೋದು ಭಾನುವಾರ. ಚೀನೀ ಲಗ್ನಪತ್ರಿಕೆಗಳಲ್ಲೂ ಇದೇ ಕಷ್ಟ ಇದೆ. ಅಲ್ಲಿ ಈ ತಿಂಗಳ ಹೆಸರು ಲಾಯುಯೆ.

ಈಗ ನಾನು ಚಾಂದ್ರಮಾನದ ತಿಂಗಳಿಗೆ ಜನವರಿ, ಡಿಸೆಂಬರ್ ಹೆಸರು ಕೊಡೋದೇ ಇಲ್ಲ. ‘ವಿಯೆಟ್ನಾಂ ಚಾಂದ್ರಮಾನ, 12ನೇ ತಿಂಗಳ 13ನೇ ದಿನ’ ಅಂತಲೇ ಬರೆಯುತ್ತೇನೆ. ತಾಳೆ ನೋಡೋದಕ್ಕೆ ಆ ದೇಶದ್ದೇ ಕ್ಯಾಲೆಂಡರ್ ಬೇಕು. ಚೀನಾದ್ದೇ ಸಾಕು ಅಂತ ಅನ್ನಿಸುತ್ತೆ, ಅಲ್ವಾ? ಹೆಚ್ಚಿನ ವರ್ಷ ಎರಡೂ ಒಂದೇ. ಆದರೆ ವಿಯೆಟ್ನಾಂ ಗಡಿಯಾರ ಚೀನಾದ್ದಕ್ಕಿಂತ ಒಂದು ಗಂಟೆ ಹಿಂದೆ. 2007ರಲ್ಲಿ ಹೊಸ ವರ್ಷದ ಅಮಾವಾಸ್ಯೆಯ ಗಳಿಗೆ ಬಂದಾಗ ಹನೋಯ್‌ನಲ್ಲಿ ಫೆಬ್ರವರಿ 17ರ ರಾತ್ರಿ ಹನ್ನೊಂದು ಕಾಲು, ಬೀಜಿಂಗ್‌ನಲ್ಲಿ ಮಧ್ಯರಾತ್ರಿ ದಾಟಿ 18. ಆ ಗಳಿಗೆ ಬೀಳುವ ದಿನವೇ ತಿಂಗಳ ಮೊದಲ ದಿನ. ಹಾಗಾಗಿ ವಿಯೆಟ್ನಾಂನ ತೆತ್ ಹಬ್ಬ 17ಕ್ಕೆ ಬಂತು, ಚೀನೀ ಹೊಸ ವರ್ಷ 18ಕ್ಕೆ.

ತಾರೀಖು ತಿದ್ದಿ ಕಳಿಸಿದ ಮೇಲೆ ಆ ತಾಯಿಯದು ಇನ್ನೊಂದು ಪ್ರಶ್ನೆ. “ಹದಿಮೂರನೇ ದಿನ ಅಂದ್ರೆ ತ್ರಯೋದಶಿ ತಾನೆ? ಹಾಗೇ ಹಾಕಿ, ನಮ್ಮವರಿಗೆ ಗೊತ್ತಾಗುತ್ತೆ.” ನನಗೂ ಆಸೆ ಆಯ್ತು. ಪಂಚಾಂಗ ತೆಗೆದು ನೋಡಿದರೆ ಜನವರಿ 13ಕ್ಕೇ ಪುಷ್ಯ ಹುಣ್ಣಿಮೆ. ಮದುವೆ ದಿನ ಚತುರ್ದಶಿ. ಅವರ ಲೆಕ್ಕದ 15ನೇ ದಿನ ಮಾತ್ರ 14ಕ್ಕೆ, ನಮ್ಮ ಸಂಕ್ರಾಂತಿಯಂದು. ಅವರು ದಿನಗಳನ್ನು ಸುಮ್ನೆ ಒಂದರ ನಂತರ ಒಂದು ಎಣಿಸುತ್ತಾರೆ. ನಮ್ಮ ತಿಥಿ ಒಂದು ದಿನಕ್ಕಿಂತ ಚಿಕ್ಕದಾಗಬಹುದು, ನಡುವೆ ಒಂದು ಲೋಪವೂ ಆಗಬಹುದು.

ಅವರಿಗೆ ಇದನ್ನೆಲ್ಲ ಹೇಳಿದೆ. ಪತ್ರಿಕೆಯಲ್ಲಿ ವಿಯೆಟ್ನಾಂ ದಿನ ಹಾಗೇ ಉಳಿಯಿತು. ಕೆಳಗೆ ಬೇರೆ ಸಾಲಿನಲ್ಲಿ, ಪಂಚಾಂಗ ನೋಡಿಯೇ, ‘ಪುಷ್ಯ ಶುದ್ಧ ಚತುರ್ದಶಿ’ ಅಂತ ಸೇರಿಸಿದೆವು.