ರೂಟರ್ ಏನನ್ನೋ ಕೇಳುತ್ತಿತ್ತು

ರೂಟರ್‌ನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಅಪ್‌ಡೇಟ್ ಆಗುತ್ತಿತ್ತು. ಅರ್ಧ ದಾಟಿತ್ತು, ಕರೆಂಟ್ ಹೋಯಿತು. ಹತ್ತು ನಿಮಿಷದಲ್ಲಿ ಕರೆಂಟ್ ವಾಪಸ್ ಬಂತು, ರೂಟರ್ ಬರಲಿಲ್ಲ. ಎಲ್ಲ ದೀಪಗಳೂ ಒಮ್ಮೆ ಹತ್ತಿ ಆರುತ್ತಿದ್ದವು. ಪವರ್ ದೀಪ ಸ್ವಲ್ಪ ಹೊತ್ತು ಮಿಟುಕುತ್ತಿತ್ತು. ಆಮೇಲೆ ಮತ್ತೆ ಮೊದಲಿನಿಂದ. ವೈಫೈ ಹೆಸರೇ ಕಾಣುತ್ತಿರಲಿಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಿಸೆಟ್ ತೂತಿಗೆ ಪಿನ್ ಚುಚ್ಚಿ ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಏನೂ ಆಗಲಿಲ್ಲ. ನೆಟ್‌ವರ್ಕ್ ಕೆಲಸ ಗೊತ್ತಿರುವ ಗೆಳೆಯನಿಗೆ ಫೋನ್ ಮಾಡಿದರೆ ನಕ್ಕ. "ರಿಸೆಟ್ ಅಳಿಸೋದು ಸೆಟ್ಟಿಂಗ್ಸ್ ಮಾತ್ರ. ಆ ಕೆಲಸ ಮಾಡಬೇಕಾದ ಫರ್ಮ್‌ವೇರೇ ಅರ್ಧ ಬರೆದು ನಿಂತಿದೆ, ಇನ್ನು ಅಳಿಸೋರು ಯಾರು?"

ಮೊದಲು ಅಡಾಪ್ಟರ್ ನೋಡು ಅಂದ. ಅಡಾಪ್ಟರ್ ಕೆಟ್ಟಿದ್ದರೂ ರೂಟರ್ ಹೀಗೇ ಪದೇ ಪದೇ ರೀಸ್ಟಾರ್ಟ್ ಆಗುತ್ತದಂತೆ. ಅಷ್ಟೇ ವೋಲ್ಟ್‌ನ, ಅಷ್ಟೇ ಆಂಪಿಯರ್‌ನ ಇನ್ನೊಂದು ಮನೆಯಲ್ಲಿತ್ತು. ಹಾಕಿದೆ, ಅದೇ ಕುಣಿತ. "ಕುಣೀತಿದೆ ಅಂದ್ರೆ ಬೂಟ್‌ಲೋಡರ್ ಬದುಕಿರಬೇಕು. ಒಳ್ಳೇದಾಯ್ತು" ಅಂದ.

ಬೂಟ್‌ಲೋಡರ್ ಅಂದರೆ ಪವರ್ ಕೊಟ್ಟ ತಕ್ಷಣ ಮೊದಲು ಏಳುವ ಪುಟ್ಟ ಪ್ರೋಗ್ರಾಂ. ಫ್ಲಾಶ್ ಚಿಪ್‌ನಲ್ಲಿ ಅದಕ್ಕೆ ಬೇರೆಯೇ ಜಾಗ. ಮಾಮೂಲಿ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಅದು ಎದ್ದು ಫರ್ಮ್‌ವೇರ್ ಅನ್ನು ಓಡಿಸಲು ಹೋಗುತ್ತದೆ. ಅಲ್ಲಿ ಮುಂದಿನ ಭಾಗ ಹೊಸದು, ಹಿಂದಿನದು ಹಳೆಯದೋ ಖಾಲಿಯೋ. ಅರ್ಧ ದಾರಿಯಲ್ಲಿ ಎಡವಿ ಬಿದ್ದು ಮತ್ತೆ ಮೊದಲಿನಿಂದ ಶುರು. ನಾನು ನೋಡುತ್ತಿದ್ದ ಕುಣಿತ ಇದೇ.

ಬಹಳಷ್ಟು ರೂಟರ್‌ಗಳ ಬೂಟ್‌ಲೋಡರ್‌ನಲ್ಲಿ ರಿಕವರಿಗೆ ದಾರಿ ಇರುತ್ತದೆ. ಕೆಲವು ಬ್ರೌಸರ್‌ನಲ್ಲೇ ಒಂದು ಚಿಕ್ಕ ಪುಟ ತೋರಿಸುತ್ತವೆ. ಕೆಲವು ನಾವು ಫೈಲ್ ಕಳಿಸಲಿ ಅಂತ ಕಾಯುತ್ತವೆ. ನನ್ನದು ತಾನೇ ಕಂಪ್ಯೂಟರ್‌ನಿಂದ ಟಿಎಫ್‌ಟಿಪಿ ಅನ್ನೋ ಸರಳ ಫೈಲ್ ಸಾಗಣೆ ವಿಧಾನದಲ್ಲಿ ಫೈಲ್ ಎಳೆದುಕೊಳ್ಳುವ ಜಾತಿ. ರಿಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡಬೇಕು. ಆದರೆ ಕಂಪ್ಯೂಟರ್‌ಗೆ ಯಾವ ಐಪಿ ಕೊಡಬೇಕು, ಫೈಲ್‌ಗೆ ಏನು ಹೆಸರಿಡಬೇಕು? ಒಂದು ಗಂಟೆ ಊಹೆಯಲ್ಲೇ ಹೋಯಿತು.

"ಊಹೆ ಯಾಕೆ? ಅದನ್ನೇ ಕೇಳು" ಅಂದ ಗೆಳೆಯ. ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್‌ನಿಂದ ಕೇಬಲನ್ನು ರೂಟರ್‌ನ ಲ್ಯಾನ್ ಪೋರ್ಟ್‌ಗೆ ಹಾಕಿ, ಕೇಬಲ್‌ನಲ್ಲಿ ಓಡಾಡುವ ಮಾತನ್ನೆಲ್ಲ ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಂ ತೆರೆದಿಟ್ಟೆ. ನಡುವೆ ಒಂದು ನೆಟ್‌ವರ್ಕ್ ಸ್ವಿಚ್ ಕೂಡ ಇಟ್ಟೆ. ಇಲ್ಲದಿದ್ದರೆ ರೂಟರ್ ರೀಸ್ಟಾರ್ಟ್ ಆದಾಗಲೆಲ್ಲ ಲ್ಯಾಪ್‌ಟಾಪ್‌ನ ಲಿಂಕ್ ಬಿದ್ದುಹೋಗಿ, ಅದು ಎದ್ದು ಬರುವಷ್ಟರಲ್ಲಿ ರಿಕವರಿಯ ಕೆಲವೇ ಸೆಕೆಂಡ್ ಮುಗಿದಿರುತ್ತದೆ. ರಿಸೆಟ್ ಒತ್ತಿ ಪವರ್ ಹಾಕಿದೆ. ಪರದೆ ಮೇಲೆ ಈ ಸಾಲು ಬಂತು:

```
Who has 192.168.0.66? Tell 192.168.0.86
```

ಸತ್ತಿದೆ ಅಂದುಕೊಂಡಿದ್ದ ಡಬ್ಬ ಕೇಳುತ್ತಿತ್ತು: 66 ಯಾರಪ್ಪಾ, 86ಕ್ಕೆ ಹೇಳಿ. ನಾನೋ ಅಷ್ಟು ಹೊತ್ತು 192.168.1.2 ಇಟ್ಟುಕೊಂಡು ಕೂತಿದ್ದೆ!

ಲ್ಯಾಪ್‌ಟಾಪ್‌ಗೆ 192.168.0.66 ಕೊಟ್ಟು, ಟಿಎಫ್‌ಟಿಪಿ ಸರ್ವರ್ ಶುರುಮಾಡಿ ಮತ್ತೆ ಪ್ರಯತ್ನಿಸಿದೆ. ಈ ಸಲ ರೂಟರ್ ತನಗೆ ಬೇಕಾದ ಫೈಲ್‌ನ ಪೂರ್ತಿ ಹೆಸರನ್ನೇ ಕೇಳಿತು. ಕೊನೆಯಲ್ಲಿ `_recovery.bin` ಅಂತಿತ್ತು. ಮೊಬೈಲ್ ಡೇಟಾದಲ್ಲಿ ಫರ್ಮ್‌ವೇರ್ ಇಳಿಸಿ, ಜಿಪ್ ಬಿಚ್ಚಿ, ಅದೇ ಹೆಸರಿಟ್ಟೆ. ರೂಟರ್ ತಳದಲ್ಲಿರುವ ಹಾರ್ಡ್‌ವೇರ್ ವರ್ಷನ್‌ಗೆ ಸರಿಹೊಂದುವ ಫೈಲೇ ಆಗಬೇಕು. ಮಾಡೆಲ್ ಒಂದೇ ಇದ್ದರೂ ವರ್ಷನ್ 1ರದ್ದು 2ಕ್ಕೆ ಆಗದಿರಬಹುದು.

ಆದರೂ ಫೈಲ್ ಹೋಗಲಿಲ್ಲ. ಸರ್ವರ್ "ಫೈಲ್ ಇಲ್ಲ" ಅನ್ನುತ್ತಿತ್ತು. ಕಣ್ಣೆದುರೇ ಇದೆ, ಇಲ್ಲ ಅಂದ್ರೆ? ವಿಂಡೋಸ್ ಫೈಲ್ ಹೆಸರಿನ `.bin` ಬಾಲವನ್ನು ಬಚ್ಚಿಟ್ಟಿತ್ತು. ನಾನು ಇನ್ನೊಂದು ಸೇರಿಸಿ ಫೈಲ್ `.bin.bin` ಆಗಿತ್ತು. ಅದನ್ನು ಸರಿಮಾಡಿದ ಮೇಲೆ ರೂಟರ್ ಫೈಲನ್ನು ಪೂರ್ತಿ ಎಳೆದುಕೊಂಡಿತು. ಆಮೇಲೆ ಸುಮ್ಮನಾಯಿತು. ಚಿಪ್‌ಗೆ ಬರೆಯುವ ಹೊತ್ತು ಅದೇ, ಆಗ ಪ್ಲಗ್ ಎಳೆದರೆ ಮತ್ತೆ ಅದೇ ಹಣೆಬರಹ. ಈ ಸಲ ರೂಟರ್ ಯುಪಿಎಸ್ ಮೇಲಿತ್ತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದೇ ಇದೆ. ಕೈ ಕಟ್ಟಿ ಕೂತೆ. ನಾಲ್ಕು ನಿಮಿಷಕ್ಕೆ ದೀಪಗಳು ಒಂದೊಂದಾಗಿ ಬಂದು ನಿಂತವು.

ವೈರ್‌ಶಾರ್ಕ್‌ನಲ್ಲಿ ಏನೂ ಕಾಣದೇ ಹೋಗಿದ್ದರೆ ಡಬ್ಬ ಬಿಚ್ಚಬೇಕಿತ್ತು. ಬೋರ್ಡಿನ ಸೀರಿಯಲ್ ಪಿನ್‌ಗಳಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿ ಬೂಟ್‌ಲೋಡರ್ ಜೊತೆ ಮಾತಾಡಬೇಕು. ಅವು ಸಾಮಾನ್ಯವಾಗಿ 3.3 ವೋಲ್ಟಿನವು, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಬೂಟ್‌ಲೋಡರೇ ಹೋಗಿದ್ದರೆ ಫ್ಲಾಶ್ ಚಿಪ್‌ಗೆ ನೇರವಾಗಿ ಪ್ರೋಗ್ರಾಮರ್ ಕ್ಲಿಪ್ ಹಾಕಿ ಬರೆಯಬೇಕು. ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ ಬಿಡಿ.

ಈಗ ರೂಟರ್ ತಳದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ 66, 86, ಆಮೇಲೆ ಆ ಉದ್ದನೆಯ ಫೈಲ್ ಹೆಸರು. ಬಾಲ ಒಂದೇ.